ಡೆಮೊದಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು

ಸಾಫ್ಟ್‌ವೇರ್ ಕಂಪನಿಯವರು ಒಂದು ಗಂಟೆ ಆನ್‌ಲೈನ್ ಡೆಮೊ ಕೊಟ್ಟು, ಅದರ ರೆಕಾರ್ಡಿಂಗನ್ನೂ ಕಳಿಸಿಕೊಡುತ್ತಾರೆ. ವಾರ ಬಿಟ್ಟು ಖರೀದಿ ಸಮಿತಿ ಸೇರಿದಾಗ ಒಬ್ಬ ನಿರ್ದೇಶಕರು ‘ಮೊಬೈಲ್ ಆ್ಯಪ್ ಇದೆ ಅಂದ್ರಲ್ಲ’ ಎನ್ನುತ್ತಾರೆ. ‘ಇಲ್ಲಪ್ಪ, ಅದು ಮುಂದಿನ ವರ್ಷ ಬರುತ್ತೆ ಅಂದದ್ದು’ ಎಂದು ಇನ್ನೊಬ್ಬರು. ಮೂರನೆಯವರು ಆವತ್ತು ಮದುವೆಗೆ ಹೋಗಿದ್ದವರು, ಡೆಮೊ ನೋಡಿಯೇ ಇಲ್ಲ. ರೆಕಾರ್ಡಿಂಗ್ ಎಲ್ಲರ ಫೋನಿನಲ್ಲೂ ಇರುತ್ತದೆ, ತೆರೆದು ನೋಡುವ ತಾಳ್ಮೆ ಮಾತ್ರ ಯಾರಿಗೂ ಇರುವುದಿಲ್ಲ. ಕೊನೆಗೆ ಚೆನ್ನಾಗಿ ಮಾತಾಡಿದ ಕಂಪನಿಗೋ ಕಡಿಮೆ ದರ ಹೇಳಿದ ಕಂಪನಿಗೋ ಆರ್ಡರ್ ಹೋಗುತ್ತದೆ.

ಆ ಒಂದು ಗಂಟೆಯ ವಿಡಿಯೊವನ್ನು ಎರಡು ಪುಟದ ತಾಳೆಪಟ್ಟಿಗೆ ಇಳಿಸುವುದು ಗುಮಾಸ್ತಿಕೆಯ ಕೆಲಸದಂತೆ ಕಾಣುತ್ತದೆ. ಆದರೆ ಯಾವುದನ್ನು ಕೊಳ್ಳಬೇಕು ಎಂಬುದು ಅರ್ಧಕ್ಕರ್ಧ ಅಲ್ಲೇ ತೀರ್ಮಾನವಾಗುತ್ತದೆ. ಅದನ್ನು ಹೇಗೆ ಮಾಡಬೇಕೆಂದು ತೋರಿಸಲು, ತಾಲ್ಲೂಕು ಮಟ್ಟದ ಒಂದು ಪತ್ತಿನ ಸಹಕಾರ ಸಂಘವನ್ನು ಊಹಿಸಿಕೊಳ್ಳೋಣ. ಎರಡು ಶಾಖೆ, ಐದಾರು ಜನ ಸಿಬ್ಬಂದಿ, ಪಿಗ್ಮಿ, ಚಿನ್ನದ ಸಾಲ, ಜಾಮೀನು ಸಾಲ. ಹಳೆಯ ಲೆಕ್ಕದ ತಂತ್ರಾಂಶ ಬದಲಿಸಬೇಕಾಗಿದೆ. ಡೆಮೊ ಆಗಿದೆ, 58 ನಿಮಿಷದ ರೆಕಾರ್ಡಿಂಗ್ ಕೈಯಲ್ಲಿದೆ.

ಪ್ಲೇ ಒತ್ತುವ ಮುಂಚೆಯೇ ಒಂದು ಕೆಲಸವಿದೆ. ನಮಗೆ ಏನು ಬೇಕು ಎಂಬ ಪಟ್ಟಿ ವಿಡಿಯೊ ನೋಡುವ ಮೊದಲೇ ಕಾಗದದ ಮೇಲಿರಬೇಕು. ಇದನ್ನು ಬಿಟ್ಟರೆ ತಾಳೆಪಟ್ಟಿ ಕಂಪನಿಯ ಮೆನುವಿನ ಕ್ರಮದಲ್ಲೇ ಬೆಳೆಯುತ್ತದೆ. ಅವರು ಡ್ಯಾಶ್‌ಬೋರ್ಡಿನ ಬಣ್ಣಬಣ್ಣದ ಚಿತ್ರಗಳಿಗೆ ಎಂಟು ನಿಮಿಷ ಕೊಟ್ಟರೆ ನಮ್ಮ ಪಟ್ಟಿಯಲ್ಲೂ ಡ್ಯಾಶ್‌ಬೋರ್ಡಿಗೆ ಎಂಟು ಸಾಲು ಬರುತ್ತದೆ. ಅವರು ಬಾಯಿಬಿಡದ ವಿಷಯಕ್ಕೆ ಸಾಲೇ ಇರುವುದಿಲ್ಲ. ಖರೀದಿ ಸಮಿತಿ ಮುಖ್ಯವಾಗಿ ತಿಳಿಯಬೇಕಾದದ್ದು ಆ ಮಾತೇ ಬಾರದ ಸಂಗತಿಗಳನ್ನು.

ಪಟ್ಟಿಯನ್ನು ಸಂಘದ ಒಂದು ದಿನವನ್ನು ಹಿಡಿದು ಬರೆಯುವುದು ಸುಲಭ. ಬೆಳಿಗ್ಗೆ ಕ್ಯಾಶಿಯರ್ ಆರಂಭದ ನಗದು ಎಣಿಸಿ ದಿನ ತೆರೆಯುತ್ತಾರೆ. ಕೌಂಟರಿನಲ್ಲಿ ಜಮಾ, ಪಾವತಿ. ಚಿನ್ನ ತಂದವರ ಒಡವೆಯನ್ನು ಅಪ್ರೈಸರ್ ತೂಗಿ, ಹರಳಿನ ತೂಕ ಕಳೆದು ನಿವ್ವಳ ತೂಕ ಬರೆಯುತ್ತಾರೆ. ಸಂಜೆ ಪಿಗ್ಮಿ ಏಜೆಂಟರು ಹಣ ಕಟ್ಟುತ್ತಾರೆ. ನಗದು ತಾಳೆಯಾದ ಮೇಲೆ ಡೇ ಎಂಡ್. ವರ್ಷದ ಕೊನೆಗೆ ಅಢಾವೆ ಪತ್ರಿಕೆ, ಲೆಕ್ಕಪರಿಶೋಧಕರ ಮುಂದೆ ಸಾಲದ ಬಾಕಿ ವಿಂಗಡಣೆ. ಈ ಜಾಡಿನಲ್ಲಿ ಹೋದರೆ ನಲವತ್ತು ಐವತ್ತು ಸಾಲುಗಳಾಗುತ್ತವೆ. ಅವುಗಳಲ್ಲಿ ಇಲ್ಲದಿದ್ದರೆ ಸಂಘ ನಡೆಯದು ಎನ್ನುವಂಥವು ಹನ್ನೆರಡೋ ಹದಿನೈದೋ ಇರುತ್ತವೆ, ಅವುಗಳ ಪಕ್ಕಕ್ಕೆ ‘ಕಡ್ಡಾಯ’ ಎಂದು ಬರೆದಿಡಬೇಕು. ಬರೆಯಬೇಕಾದವರು ಅಧ್ಯಕ್ಷರಲ್ಲ, ಕೌಂಟರಿನಲ್ಲಿ ಕೂರುವವರು. ನಿರ್ದೇಶಕರೇ ಕೂತು ಬರೆದ ಪಟ್ಟಿಗಳಲ್ಲಿ ವರದಿಗಳ ಹೆಸರು ಜಾಸ್ತಿ, ರಸೀದಿ ತಪ್ಪಾದರೆ ರದ್ದು ಮಾಡುವುದು ಹೇಗೆ ಎಂಬ ಸಾಲು ಮಾತ್ರ ಕಾಣೆ.

ಈಗ ವಿಡಿಯೊ. ಮೊದಲ ಸಲ ನಿಲ್ಲಿಸದೆ, ಏನೂ ಬರೆಯದೆ ನೋಡಿಬಿಡುವುದು ಒಳ್ಳೆಯದು. ಎಲ್ಲೆಲ್ಲಿ ಏನಿದೆ ಎಂಬ ಅಂದಾಜು ಸಿಗುತ್ತದೆ. ಎರಡನೆಯ ಸಲ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಒಂದು ಗಂಟೆಯ ಡೆಮೊಗೆ ಅರ್ಧ ದಿನವೇ ಬೇಕಾದೀತು. ಪ್ರತಿ ಸಾಲಿನ ಮುಂದೆ ಇಷ್ಟಿರಬೇಕು: ಅದು ವಿಡಿಯೊದಲ್ಲಿ ಬಂದ ಸಮಯ, ನಿಮಿಷ-ಸೆಕೆಂಡಿನಲ್ಲಿ, ಮತ್ತು ನಮಗೆ ಅದು ಹೇಗೆ ಗೊತ್ತಾಯಿತು ಎಂಬುದಕ್ಕೆ ಒಂದು ಗುರುತು.

ಈ ಎರಡನೆಯದರ ಮೇಲೆಯೇ ಇಡೀ ತಾಳೆಪಟ್ಟಿ ನಿಂತಿದೆ. ‘ಇದೆ’, ‘ಇಲ್ಲ’ ಎಂದು ಎರಡೇ ಕಲಂ ಇಟ್ಟರೆ ಡೆಮೊ ಕೊಟ್ಟ ಕಂಪನಿ ಬಹುತೇಕ ಎಲ್ಲದರಲ್ಲೂ ‘ಇದೆ’ ಪಡೆದುಬಿಡುತ್ತದೆ. ಯಾಕೆಂದರೆ ಡೆಮೊದಲ್ಲಿ ‘ಇಲ್ಲ’ ಎನ್ನುವವರನ್ನು ನೋಡುವುದೇ ಅಪರೂಪ. ಹಾಗಾಗಿ ನಾಲ್ಕು ಗುರುತು ಬೇಕು. ಪರದೆಯ ಮೇಲೆ ಕೆಲಸ ಮೊದಲಿಂದ ಕೊನೆಯವರೆಗೆ ನಡೆದು, ಫಲಿತಾಂಶ ಕಾಣಿಸಿದ್ದರೆ ‘ಕಂಡದ್ದು’. ಬಾಯಲ್ಲಿ ಹೇಳಿದ್ದು ಅಥವಾ ಸ್ಲೈಡಿನಲ್ಲಿ ಬರೆದದ್ದು ಮಾತ್ರವಾದರೆ ‘ಹೇಳಿದ್ದು’. ಮುಂದೆ ಮಾಡಿಕೊಡುತ್ತೇವೆ, ಬದಲಾಯಿಸಿ ಕೊಡುತ್ತೇವೆ ಎಂದಿದ್ದರೆ ‘ಆಗಬೇಕಾದ್ದು’. ಮಾತೇ ಎತ್ತದಿದ್ದರೆ ‘ಬಂದಿಲ್ಲ’. ಮೆನುವಿನಲ್ಲಿ ಒಂದು ಹೆಸರು ಕಂಡ ಮಾತ್ರಕ್ಕೆ ‘ಕಂಡದ್ದು’ ಎಂದು ಬರೆಯಬಾರದು. ಆ ಮೆನುವನ್ನು ಯಾರೂ ಒತ್ತದಿದ್ದರೆ ಅದು ಗೋಡೆಗೆ ಬರೆದ ಬಾಗಿಲು, ಒಳಗೆ ಕೋಣೆ ಇದೆಯೋ ಇಲ್ಲವೋ ಗೊತ್ತಿಲ್ಲ.

ಪಿಗ್ಮಿ ಭಾಗವನ್ನೇ ತೆಗೆದುಕೊಳ್ಳಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಎರಡಾಣೆಯಿಂದ ಶುರುಮಾಡಿದ ಈ ದಿನವಹಿ ಉಳಿತಾಯ ಇಂದಿಗೂ ನಮ್ಮ ಸಹಕಾರ ಸಂಘಗಳಲ್ಲಿ ಜೀವಂತವಾಗಿದೆ. ಏಜೆಂಟ್ ಅಂಗಡಿ ಅಂಗಡಿಗೆ ಹೋಗುತ್ತಾನೆ, ಹಣ ಪಡೆದು ಚೀಟಿ ಕೊಡುತ್ತಾನೆ. ಹಿಂದೆ ಕಾರ್ಡಿನಲ್ಲಿ ಬರೆಯುತ್ತಿದ್ದರು. ಆಮೇಲೆ ಬೆಳಿಗ್ಗೆ ಕಚೇರಿಯಲ್ಲಿ ಖಾತೆಗಳನ್ನು ತುಂಬಿಸಿಕೊಂಡು ಹೋಗಿ ಸಂಜೆ ಇಳಿಸುವ ಪಿಗ್ಮಿ ಮಶೀನ್ ಬಂತು. ಈಗ ಫೋನಿನಲ್ಲಿ ಆ್ಯಪ್, ಸೊಂಟದಲ್ಲಿ ಪುಟ್ಟ ಬ್ಲೂಟೂತ್ ಪ್ರಿಂಟರ್. ನಮ್ಮ ಊಹೆಯ ಡೆಮೊದಲ್ಲಿ 14:20ರಿಂದ 19:05ರವರೆಗೆ ಇದರ ಪ್ರದರ್ಶನ. ಕಂಪನಿಯ ಹುಡುಗ ಆ್ಯಪ್ ತೆರೆದ, ಒಬ್ಬ ಸದಸ್ಯರ ಹೆಸರು ಒತ್ತಿದ, ನೂರು ರೂಪಾಯಿ ಹಾಕಿದ, ರಸೀದಿ ಬಂತು, ಕಚೇರಿಯ ಪರದೆಯಲ್ಲಿ ಆ ಖಾತೆಯ ಶಿಲ್ಕು ನೂರು ಹೆಚ್ಚಾಯಿತು. ಇಷ್ಟೂ ‘ಕಂಡದ್ದು’, ಅನುಮಾನವೇ ಬೇಡ. ಆಗ ಕಾರ್ಯದರ್ಶಿಯವರು ಕೇಳುತ್ತಾರೆ:

‘ನಮ್ ಕಡೆ ಎರಡು ಹಳ್ಳೀಲಿ ನೆಟ್‌ವರ್ಕೇ ಸಿಗಲ್ಲ. ಅಲ್ಲಿ ಏನ್ ಮಾಡೋದು?’

‘ಆಫ್‌ಲೈನ್ ಸಪೋರ್ಟ್ ಇದೆ ಸರ್. ನೆಟ್‌ವರ್ಕ್ ಬಂದ ತಕ್ಷಣ ತಾನಾಗೇ ಸಿಂಕ್ ಆಗುತ್ತೆ. ನೆಕ್ಸ್ಟ್ ರಿಪೋರ್ಟ್ಸ್ ನೋಡೋಣ ಸರ್.’

ಅವಸರದಲ್ಲಿ ಸಾರಾಂಶ ಬರೆಯುವವರು ‘ಪಿಗ್ಮಿ ಮೊಬೈಲ್ ಆ್ಯಪ್, ಆಫ್‌ಲೈನ್ ಸಹಿತ: ಇದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆ ಸಾಲಿನಲ್ಲಿ ಕಂಡದ್ದೂ ಕೇಳಿದ್ದೂ ಕಲಸಿಹೋಯಿತು. ಬಿಡಿಸಿ ಬರೆದರೆ ಹೀಗಾಗುತ್ತದೆ:

ನೆಟ್‌ವರ್ಕ್ ಇರುವಾಗ ಜಮಾ, ರಸೀದಿ, ಕಚೇರಿಯ ಶಿಲ್ಕು ಬದಲು — ಕಂಡದ್ದು, 15:10
ನೆಟ್‌ವರ್ಕ್ ಇಲ್ಲದಾಗ ಜಮಾ ಮಾಡಿ ರಸೀದಿ ಕೊಡುವುದು — ಹೇಳಿದ್ದು, 17:40
ಸಿಂಕ್ ಆಗುವ ಮುಂಚೆ ಫೋನ್ ಕಳೆದರೆ ಆ ದಿನದ ಲೆಕ್ಕ — ಬಂದಿಲ್ಲ
ತಪ್ಪು ಮೊತ್ತದ ರಸೀದಿ ರದ್ದು ಮಾಡುವ ಅಧಿಕಾರ ಯಾರಿಗೆ — ಬಂದಿಲ್ಲ
ಡೇ ಎಂಡ್ ಆದ ಮೇಲೆ ಬಂದ ಜಮಾಕ್ಕೆ ಯಾವ ತಾರೀಖು — ಬಂದಿಲ್ಲ

ಕೊನೆಯ ಸಾಲನ್ನು ಕಡೆಗಣಿಸಬಾರದು. ಕಚೇರಿ ಸಂಜೆ ಐದೂವರೆಗೆ ದಿನ ಮುಚ್ಚುತ್ತದೆ, ಏಜೆಂಟ್ ಏಳೂವರೆಯವರೆಗೆ ಪೇಟೆ ಸುತ್ತುತ್ತಾನೆ. ಆ ಎರಡು ಗಂಟೆಯ ಜಮಾವನ್ನು ಇವತ್ತಿನ ತಾರೀಖಿಗೆ ಹಾಕಿದರೆ ಇವತ್ತಿನ ನಗದು ಪುಸ್ತಕ ತಾಳೆಯಾಗದು, ಹಣ ಇನ್ನೂ ಅವನ ಚೀಲದಲ್ಲೇ ಇದೆ. ನಾಳೆಯ ತಾರೀಖಿಗೆ ಹಾಕಿದರೆ ಅಂಗಡಿಯವರ ಕೈಲಿರುವ ಚೀಟಿಗೂ ಸಂಘದ ಲೆಡ್ಜರಿಗೂ ಒಂದು ದಿನದ ವ್ಯತ್ಯಾಸ. ಎರಡಕ್ಕೂ ದಾರಿ ಇದೆ: ಚೀಟಿಯ ತಾರೀಖನ್ನೂ ಲೆಕ್ಕದ ತಾರೀಖನ್ನೂ ಬೇರೆ ಬೇರೆ ಇಟ್ಟು, ನಡುವಿನ ಹಣವನ್ನು ಏಜೆಂಟನ ಹೆಸರಿನಲ್ಲಿ ಬಾಕಿ ತೋರಿಸುವುದು. ತಂತ್ರಾಂಶ ಹಾಗೆ ಮಾಡುತ್ತದೆಯೇ? ವಿಡಿಯೊದಲ್ಲಿ ಉತ್ತರವಿಲ್ಲ. ಏಜೆಂಟ್ ಹಣ ಪಡೆದೂ ಕಟ್ಟದೆ ಉಳಿಸಿಕೊಂಡದ್ದು ಗೊತ್ತಾಗಬೇಕಾದರೆ ಈ ಬಾಕಿ ಕಾಣಿಸಲೇಬೇಕು. ಆದ್ದರಿಂದ ಇದು ‘ಕಡ್ಡಾಯ’ದ ಗುಂಪಿಗೆ ಸೇರುತ್ತದೆ.

ಒಂದು ಸಾಲಿನಲ್ಲಿ ಒಂದೇ ಸಂಗತಿ ಇರಬೇಕು, ಅದೂ ಹೌದು-ಅಲ್ಲ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿ. ‘ಬಳಸಲು ಸುಲಭ’, ‘ಸಂಪೂರ್ಣ ಸುರಕ್ಷಿತ’ ಎಂಬ ಸಾಲುಗಳು ಪಟ್ಟಿಯಲ್ಲಿ ಬಂದರೆ ಹೊಡೆದು ಹಾಕಬಹುದು. ‘ಕ್ಯಾಶಿಯರ್ ಹಾಕಿದ ಪಾವತಿಯನ್ನು ಇನ್ನೊಬ್ಬರು ಒಪ್ಪದೆ ಅದು ಮುಗಿಯದು’ ಎಂದು ಬರೆದರೆ ಸುರಕ್ಷತೆಯ ಮಾತಿಗೆ ಅರ್ಥ ಬರುತ್ತದೆ.

ನೇರ ಡೆಮೊಗೆ ಇಲ್ಲದ ಒಂದು ಅನುಕೂಲ ರೆಕಾರ್ಡಿಂಗಿಗಿದೆ. ಪರದೆಯನ್ನು ನಿಲ್ಲಿಸಿ ಕ್ಯಾಲ್ಕುಲೇಟರ್ ಹಿಡಿಯಬಹುದು. 31ನೇ ನಿಮಿಷದಲ್ಲಿ ಚಿನ್ನದ ಸಾಲದ ಖಾತೆಯೊಂದನ್ನು ಮುಕ್ತಾಯ ಮಾಡಿ ತೋರಿಸುತ್ತಾರೆ ಎನ್ನಿ. ಸಾಲ 50,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇಕಡಾ 11, ಕೊಟ್ಟದ್ದು ಏಪ್ರಿಲ್ 1, ಬಿಡಿಸಿದ್ದು ಜೂನ್ 13. ಪರದೆ ಬಡ್ಡಿ 1,115 ರೂಪಾಯಿ ಎನ್ನುತ್ತದೆ. ಮಾತು ಮುಂದೆ ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ನಿಲ್ಲಿಸಿ ಲೆಕ್ಕ ಹಾಕಿ. ಸಾಲ ಕೊಟ್ಟ ದಿನವನ್ನು ಎಣಿಸಿ, ತೀರಿಸಿದ ದಿನವನ್ನು ಬಿಟ್ಟರೆ 73 ದಿನ. ವರ್ಷದ ಬಡ್ಡಿ 5,500. ಅದನ್ನು 73ರಿಂದ ಗುಣಿಸಿ 365ರಿಂದ ಭಾಗಿಸಿದರೆ ಸರಿಯಾಗಿ 1,100. ಹದಿನೈದು ರೂಪಾಯಿ ಹೆಚ್ಚು ಬಂದದ್ದು ಎಲ್ಲಿಂದ?

ಎರಡು ಕಡೆಯಿಂದ ಬರಬಹುದು. ಕೊಟ್ಟ ದಿನ, ತೀರಿಸಿದ ದಿನ ಎರಡನ್ನೂ ಎಣಿಸಿದರೆ 74 ದಿನ, ಬಡ್ಡಿ 1,115 ರೂಪಾಯಿ 7 ಪೈಸೆ. ಇಲ್ಲವೇ ದಿನ 73ನ್ನೇ ಇಟ್ಟುಕೊಂಡು ವರ್ಷಕ್ಕೆ 360 ದಿನ ಎಂದು ಹಿಡಿದರೆ 1,115 ರೂಪಾಯಿ 28 ಪೈಸೆ. ಪೂರ್ಣ ರೂಪಾಯಿಗೆ ತಂದಾಗ ಎರಡೂ ಒಂದೇ. ಪರದೆ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ. ಕಾರಣ ಮಾತ್ರ ಪೂರ್ತಿ ಬೇರೆ. ಮೊದಲನೆಯದರಲ್ಲಿ ಪ್ರತಿ ಸಾಲಗಾರನಿಂದ ಒಂದು ದಿನದ ಬಡ್ಡಿ ಹೆಚ್ಚು, ಅಷ್ಟೆ. ಎರಡನೆಯದರಲ್ಲಿ ದಿನ ಕಳೆದಂತೆ ವ್ಯತ್ಯಾಸ ಬೆಳೆಯುತ್ತದೆ. ಇದೇ ಸಾಲ 200 ದಿನ ಇದ್ದರೆ ಸರಿಯಾದ ಬಡ್ಡಿ ಸುಮಾರು 3,014, ಒಂದು ದಿನ ಹೆಚ್ಚು ಎಣಿಸಿದರೆ 3,029, ವರ್ಷವನ್ನು 360 ಎಂದರೆ 3,056. ಹಾಗಾಗಿ ತಾಳೆಪಟ್ಟಿಯಲ್ಲಿ ‘ಚಿನ್ನದ ಸಾಲದ ಬಡ್ಡಿ ಲೆಕ್ಕ: ಕಂಡದ್ದು, 31:25’ ಎಂದು ಬರೆದರೆ ಸಾಲದು. ‘ನಮ್ಮ ಪದ್ಧತಿಯಂತೆ 1,100 ಬರಬೇಕಿತ್ತು, 1,115 ಬಂದಿದೆ, 200 ದಿನದ ಸಾಲದ ಮೇಲೆ ಇನ್ನೊಮ್ಮೆ ತೋರಿಸಬೇಕು’ ಎಂದು ಸೇರಿಸಬೇಕು. ಇದು ತಪ್ಪು ಎಂದು ಕಂಪನಿಯ ಮೇಲೆ ಹೊರಿಸುವ ಅಗತ್ಯವಿಲ್ಲ. ಬೇರೆ ಗ್ರಾಹಕರ ಪದ್ಧತಿಗೆ ಹೊಂದಿಸಿಟ್ಟ ಡೆಮೊ ಇರಬಹುದು. ಹೊಂದಿಸಲು ಆಗುತ್ತದೆಯೇ, ಅದನ್ನು ಸಂಘದವರೇ ಮಾಡಬಹುದೇ, ಕಂಪನಿಯೇ ಬರಬೇಕೇ ಎಂಬುದು ಮುಂದಿನ ಪ್ರಶ್ನೆ.

ಕನ್ನಡದ ವಿಷಯಕ್ಕೆ ಬಂದಾಗ ಇನ್ನಷ್ಟು ಹುಷಾರಾಗಿರಬೇಕು. ಡೆಮೊದಲ್ಲಿ ‘ಕನ್ನಡ ಫುಲ್ ಸಪೋರ್ಟ್ ಸರ್’ ಎನ್ನುತ್ತಾ ಒಂದು ಗುಂಡಿ ಒತ್ತಿದರೆ ಪರದೆಯ ಮೇಲಿನ ‘ಡಿಪಾಸಿಟ್’, ‘ಲೋನ್’ ಎಂಬ ಪದಗಳು ‘ಠೇವಣಿ’, ‘ಸಾಲ’ ಆಗುತ್ತವೆ. ಎಲ್ಲರಿಗೂ ಖುಷಿ. ವಿಡಿಯೊ ನಿಲ್ಲಿಸಿ ಆ ಪರದೆಯಲ್ಲಿ ಸದಸ್ಯರ ಹೆಸರು ಯಾವ ಲಿಪಿಯಲ್ಲಿದೆ ಎಂದು ನೋಡಿ. ಅನೇಕ ಸಲ ಹೆಸರು ಇಂಗ್ಲಿಷಿನಲ್ಲೇ ಉಳಿದಿರುತ್ತದೆ. ಅಂದರೆ ಕನ್ನಡವಾದದ್ದು ಶೀರ್ಷಿಕೆ ಮಾತ್ರ, ಮಾಹಿತಿಯಲ್ಲ. ಪಟ್ಟಿಯಲ್ಲಿ ಇದಕ್ಕೆ ಬೇರೆ ಬೇರೆ ಸಾಲು ಬೇಕು: ಪರದೆಯ ಪದಗಳು ಕನ್ನಡದಲ್ಲಿ, ಸದಸ್ಯರ ಹೆಸರು ಕನ್ನಡದಲ್ಲಿ ದಾಖಲು, ಕನ್ನಡ ಹೆಸರಿನಿಂದ ಹುಡುಕಾಟ, ರಸೀದಿ ಕನ್ನಡದಲ್ಲಿ ಮುದ್ರಣ. ಕೊನೆಯದನ್ನು ಪರದೆಯ ಮೇಲಿನ ಚಿತ್ರ ನೋಡಿ ನಂಬುವಂತಿಲ್ಲ. ಪುಟ್ಟ ಥರ್ಮಲ್ ಪ್ರಿಂಟರಿನಲ್ಲಿ ಒತ್ತಕ್ಷರ ಒಡೆದು ಬರುವುದುಂಟು. ಆ ಚೀಟಿಯನ್ನು ಕಣ್ಣಿಂದಲೇ ನೋಡಬೇಕು, ಅದೂ ‘ಸಿದ್ಧೇಶ್ವರ’, ‘ಲಕ್ಷ್ಮೀದೇವಮ್ಮ’ ಎಂಬಂಥ ಹೆಸರು ಹಾಕಿಸಿ.

ಹಳೆಯ ಮಾಹಿತಿಯದು ಇನ್ನೊಂದು ಪಾಡು. ಹಿಂದಿನ ತಂತ್ರಾಂಶದಲ್ಲಿ ಹೆಸರುಗಳನ್ನು ನುಡಿಯ ಹಳೆಯ ಫಾಂಟಿನಲ್ಲಿ ತುಂಬಿದ್ದರೆ ಅವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ‘ಕನ್ನಡ’ ಎಂಬ ಪದವೇ `PÀ£ÀßqÀ` ಎಂದು ಕಾಣುತ್ತದೆ. ಹೊಸ ತಂತ್ರಾಂಶಕ್ಕೆ ಸಾಗಿಸುವಾಗ ಪರಿವರ್ತನೆ ಆಗಬೇಕು, ಆದ ಮೇಲೂ ಒಂದಷ್ಟು ಹೆಸರುಗಳನ್ನು ಕೈಯಲ್ಲಿ ತಿದ್ದಬೇಕು. ಡೆಮೊ ನಡೆಯುವುದು ಕಂಪನಿಯವರೇ ತುಂಬಿಟ್ಟ ಹತ್ತಿಪ್ಪತ್ತು ಖಾತೆಗಳ ಮೇಲೆ, ಆದ್ದರಿಂದ ಈ ಮಾತು ಅಲ್ಲಿ ಬರುವುದಿಲ್ಲ. ‘ಬಂದಿಲ್ಲ’ ಎಂಬ ಗುರುತಿನ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಇನ್ನು ಕೆಲವು ಮಾತುಗಳು ಕಿವಿಗೆ ಬಿದ್ದ ಕೂಡಲೇ ವಿಡಿಯೊ ನಿಲ್ಲಿಸಬೇಕು. ‘ಕಸ್ಟಮೈಸ್ ಮಾಡಬಹುದು’ ಎಂದರೆ ಈಗ ಇಲ್ಲ, ಮಾಡಿಸಬೇಕು, ಹಣ ಬೇರೆ ಎಂದೇ ಹಿಡಿದು ‘ಆಗಬೇಕಾದ್ದು’ ಎಂದು ಬರೆಯುವುದು ಕ್ಷೇಮ. ‘ಇಂಟಿಗ್ರೇಷನ್ ಇದೆ’ ಎಂದರೆ, ಉದಾಹರಣೆಗೆ ಎಸ್‌ಎಂಎಸ್ ವಿಷಯದಲ್ಲಿ, ಸಂದೇಶ ಕಳಿಸುವ ಇನ್ನೊಂದು ಕಂಪನಿಗೆ ಬೇರೆ ಶುಲ್ಕ ಇರುತ್ತದೆ. ‘ಆ ರಿಪೋರ್ಟ್ ಎಕ್ಸೆಲ್‌ಗೆ ತೆಗೆದು ಮಾಡ್ಕೋಬಹುದು’ ಎಂದರೆ ಆ ವರದಿ ತಂತ್ರಾಂಶದಲ್ಲಿಲ್ಲ, ಪ್ರತಿ ತಿಂಗಳೂ ನಮ್ಮ ಗುಮಾಸ್ತರೇ ಕೂತು ಮಾಡಬೇಕು. ಕಣ್ಣಿಗೂ ಒಂದಿಷ್ಟು ಕೆಲಸವಿದೆ. ಪರದೆಯ ಮೂಲೆಯ ಗಡಿಯಾರ ಇದ್ದಕ್ಕಿದ್ದಂತೆ ಇಪ್ಪತ್ತು ನಿಮಿಷ ಮುಂದೆ ಹೋಗಿದ್ದರೆ ನಡುವೆ ವಿಡಿಯೊ ಕತ್ತರಿಸಿದ್ದಾರೆ. ಅದು ಚಹಾ ವಿರಾಮವೂ ಇರಬಹುದು, ತಂತ್ರಾಂಶ ಸಿಕ್ಕಿಕೊಂಡ ಹೊತ್ತೂ ಇರಬಹುದು. ಡೇ ಎಂಡ್ ಒತ್ತಿದ ಮೇಲೆ ‘ಇದು ಆಗೋವಷ್ಟರಲ್ಲಿ ಬೇರೆ ನೋಡೋಣ’ ಎಂದು ಇನ್ನೊಂದು ಪರದೆಗೆ ಹೋಗಿ, ಅಲ್ಲಿಗೆ ಮತ್ತೆ ಬರದಿದ್ದರೆ, ಡೇ ಎಂಡ್ ‘ಕಂಡದ್ದು’ ಅಲ್ಲ.

ಇದನ್ನೆಲ್ಲ ಒಬ್ಬರೇ ಮಾಡುವುದಕ್ಕಿಂತ ಇಬ್ಬರು, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ತೋರಿಸದೆ, ಗುರುತು ಹಾಕುವುದು ಮೇಲು. ಒಬ್ಬರು ಕೌಂಟರಿನವರು, ಇನ್ನೊಬ್ಬರು ಲೆಕ್ಕದವರು ಆದರೆ ಸರಿ. ಆಮೇಲೆ ಹೋಲಿಸಿ, ಗುರುತು ಬೇರೆಯಾದ ಸಾಲುಗಳ ವಿಡಿಯೊ ಮಾತ್ರ ಒಟ್ಟಿಗೆ ನೋಡಿದರಾಯಿತು. ಸಮಯ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಪಟ್ಟಿ ಮುಗಿದ ಮೇಲೆ ಅಂಕ ಕೂಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಮೂರು ಕಂಪನಿಗಳ ಡೆಮೊ ಆಗಿದ್ದರೆ ಒಬ್ಬರಿಗೆ ಐವತ್ತಕ್ಕೆ ನಲವತ್ತೊಂದು, ಇನ್ನೊಬ್ಬರಿಗೆ ಮೂವತ್ತೆಂಟು ಎಂದು ಕೊಟ್ಟರೆ ಸಭೆ ಬೇಗ ಮುಗಿಯುತ್ತದಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ನಲವತ್ತೊಂದು ಪಡೆದವರಲ್ಲಿ ಪಿಗ್ಮಿ ರಸೀದಿ ರದ್ದತಿಗೆ ಹಿಡಿತವೇ ಇಲ್ಲದಿದ್ದರೆ ಉಳಿದ ನಲವತ್ತೊಂದು ಸೇರಿಯೂ ಅದನ್ನು ತುಂಬಿಕೊಡಲಾರವು. ಸಮಿತಿಯ ಮುಂದೆ ಇಡಬೇಕಾದ ಮೊದಲ ಪುಟದಲ್ಲಿ ಕಡ್ಡಾಯದ ಸಾಲುಗಳು ಮಾತ್ರ ಇರಲಿ, ಪ್ರತಿ ಕಂಪನಿಯ ಹೆಸರಿನ ಕೆಳಗೆ ಗುರುತು, ಸಮಯ. ‘ಕಂಡದ್ದು’ ಅಲ್ಲದವು ಅಲ್ಲಿ ಎದ್ದು ಕಾಣಲಿ. ಉಳಿದದ್ದು ಎರಡನೆಯ ಪುಟಕ್ಕೆ. ಓದುವ ನಿರ್ದೇಶಕರಿಗೆ ಸಂಶಯ ಬಂದರೆ ವಿಡಿಯೊದ 17:40ಕ್ಕೆ ಹೋಗಿ ತಾವೇ ಕೇಳಬಹುದು.

ರೆಕಾರ್ಡಿಂಗ್ ಎಷ್ಟು ಸೂಕ್ಷ್ಮವಾಗಿ ನೋಡಿದರೂ ಹೇಳಲಾರದ ಸಂಗತಿಗಳಿವೆ. ಸಾವಿರಾರು ಖಾತೆ ತುಂಬಿದ ಮೇಲೆ ಡೇ ಎಂಡ್ ಎಷ್ಟು ಹೊತ್ತು ಹಿಡಿಯುತ್ತದೆ, ಮಾರ್ಚ್ 31ರ ರಾತ್ರಿ ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರೆಯೇ, ಒಪ್ಪಂದ ಮುರಿದ ದಿನ ನಮ್ಮ ಮಾಹಿತಿ ನಮಗೆ ಯಾವ ರೂಪದಲ್ಲಿ ಸಿಗುತ್ತದೆ. ಇವುಗಳಲ್ಲಿ ಮೊದಲನೆಯದನ್ನೂ ಎರಡನೆಯದನ್ನೂ ಅದೇ ತಂತ್ರಾಂಶ ಬಳಸುತ್ತಿರುವ ಇನ್ನೊಂದು ಸಂಘದ ಕಾರ್ಯದರ್ಶಿಯನ್ನು ಕೇಳಿ ತಿಳಿಯಬೇಕು. ಮೂರನೆಯದು ಬರಹದಲ್ಲೇ ಬರಬೇಕು.

ಆಮೇಲೆ ಕಂಪನಿಗೆ ಪತ್ರ. ‘ಹೇಳಿದ್ದು’ ಎಂಬ ಸಾಲುಗಳನ್ನು ಸಮಯದ ಸಮೇತ ಬರೆದು, ಇದನ್ನು ಕೆಲಸ ಮಾಡಿ ತೋರಿಸಿ ಎಂದು ಕೇಳುವುದು. ‘ಆಗಬೇಕಾದ್ದು’ಗಳಿಗೆ ಎಂದು, ಎಷ್ಟು ಹಣಕ್ಕೆ ಎಂಬ ಉತ್ತರ. ‘ಬಂದಿಲ್ಲ’ಗಳಿಗೆ ಇದೆಯೋ ಇಲ್ಲವೋ ಎಂಬ ಒಂದು ಸಾಲು. ಎರಡನೆಯ ಡೆಮೊ ಅರ್ಧ ಗಂಟೆ ಸಾಕು, ಕ್ರಮ ನಮ್ಮದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಸಿ ಮೂರು ಪಿಗ್ಮಿ ಜಮಾ ಮಾಡಿಸಿ, ಕಚೇರಿಯಲ್ಲಿ ಡೇ ಎಂಡ್ ಮುಗಿಸಿಸಿ, ಆಮೇಲೆ ನೆಟ್‌ವರ್ಕ್ ಬಿಡಿಸಿ ಆ ಮೂರು ಜಮಾಗಳು ಯಾವ ತಾರೀಖಿನಲ್ಲಿ, ಯಾರ ಹೆಸರಿನ ಬಾಕಿಯಲ್ಲಿ ಕೂತವು ಎಂದು ನೋಡುವುದು. ಅದೂ ರೆಕಾರ್ಡ್ ಆಗಲಿ. ಕೊನೆಗೆ ಉಳಿದ ಪಟ್ಟಿ, ಎಲ್ಲ ಗುರುತುಗಳೊಂದಿಗೆ, ಒಪ್ಪಂದದ ಅನುಬಂಧವಾಗಿ ಹೋಗುತ್ತದೆ. ‘ಆಗಬೇಕಾದ್ದು’ ಎಂದು ಉಳಿದ ಪ್ರತಿ ಕಡ್ಡಾಯ ಸಾಲಿನ ಎದುರು ಒಂದು ತಾರೀಖು, ಅದು ಆಗುವವರೆಗೆ ತಡೆಹಿಡಿಯುವ ಕಂತಿನ ಮೊತ್ತ, ಎರಡೂ ಕಡೆಯವರ ಸಹಿ.